ಯಾವ ‘ಜೊತೆಯಲಿ’?

ಮೈಸೂರಿನ ಒಂದು ಛತ್ರದಲ್ಲಿ ನಮ್ಮ ಕಡೆಯ ಹುಡುಗನ ಆರತಕ್ಷತೆ. ವೇದಿಕೆಯ ಪಕ್ಕದಲ್ಲಿ ಆರ್ಕೆಸ್ಟ್ರಾದವರು ಕೂತಿದ್ದರು. ದೊಡ್ಡಪ್ಪ ಒಂದು ಚೀಟಿಯಲ್ಲಿ ‘ಜೊತೆಯಲಿ’ ಎಂದಷ್ಟೇ ಬರೆದು ಕಳಿಸಿದರು. ಕೀಬೋರ್ಡಿನ ಹುಡುಗ ತಲೆಯಾಡಿಸಿ ಮೆಲ್ಲಗೆ ಒಂದು ಧಾಟಿ ನುಡಿಸತೊಡಗಿದ. ಮೆತ್ತಗೆ, ಜೋಗುಳದ ಹಾಗೆ ಸಾಗುತ್ತಿತ್ತು ಅದು. ದೊಡ್ಡಪ್ಪನ ಮುಖ ಸಪ್ಪಗಾಯಿತು. “ಇದಲ್ಲಪ್ಪಾ, ನಾನು ಕೇಳಿದ್ದು ಶಂಕರ್‌ನಾಗ್ ಹಾಡು” ಎಂದರು. “ಅದೇ ಸಾರ್, ಅದೇ ಟ್ಯೂನು. ‘ಚೀನಿ ಕಮ್’ದು” ಎಂದ ಹುಡುಗ. ಅಷ್ಟರಲ್ಲಿ ಹೆಣ್ಣಿನ ಕಡೆಯ, ಚೆನ್ನೈಯಿಂದ ಬಂದಿದ್ದ ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಬಾಗಿ, ಇದು ‘ನೂರಾವದು ನಾಳ್’ ಚಿತ್ರದ ಹಾಡು, ವಿಜಯಕಾಂತ್ ಪಿಕ್ಚರು ಎಂದು ಖಚಿತವಾಗಿ ಹೇಳಿದರು.

ಮೂವರ ಮಾತೂ ನಿಜವೇ. ಆದರೆ ಮೂವರೂ ಒಂದೇ ಹಾಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ಒಂದೇ ಧಾಟಿಯ ಬಗ್ಗೆ ಮಾತಾಡುತ್ತಿದ್ದರು. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಹಾಡುಗಳ ಗೋಜಲು ಮುಕ್ಕಾಲುಪಾಲು ಬಿಡಿಸಿಕೊಳ್ಳುತ್ತದೆ.

ಹೆಸರು ಯಾರದು?

ನಾವು ಸಿನಿಮಾ ಹಾಡನ್ನು ಕರೆಯುವುದು ಅದರ ಮೊದಲ ಪದಗಳಿಂದ. ಅಂದರೆ ಹಾಡಿನ ಹೆಸರು ಎಂದು ನಾವು ಹೇಳುವುದು ಸಾಹಿತ್ಯದ ಹೆಸರು. ಧಾಟಿಗೆ ತನ್ನದೇ ಹೆಸರಿಲ್ಲ. ಅದು ಇನ್ನೊಂದು ಭಾಷೆಗೆ ಹೋದಾಗ ಅಲ್ಲಿನ ಮಾತುಗಳ ಹೆಸರನ್ನು ಹೊತ್ತುಕೊಳ್ಳುತ್ತದೆ. ಹೀಗಾಗಿ ಹೆಸರು ಹಿಡಿದು ಹುಡುಕಿದರೆ ಒಂದೇ ಧಾಟಿಯ ಹಾಡುಗಳು ಎಂದೂ ಒಟ್ಟಿಗೆ ಸಿಗುವುದಿಲ್ಲ, ಒಂದೇ ಹೆಸರಿನ ಬೇರೆ ಬೇರೆ ಹಾಡುಗಳು ಮಾತ್ರ ಗುಂಪಾಗಿ ಬಂದು ನಿಲ್ಲುತ್ತವೆ.

ಹಾಗಾಗಿ ಹಾಡು ಎಂಬ ಒಂದು ಪದದ ಒಳಗೆ ಮೂರು ವಸ್ತುಗಳಿವೆ ಎಂದು ಇಟ್ಟುಕೊಳ್ಳಬೇಕು. ಒಂದು ಸಾಹಿತ್ಯ. ಎರಡನೆಯದು ಧಾಟಿ, ಅಂದರೆ ಸ್ವರಗಳ ಓಟ. ಮೂರನೆಯದು ಧ್ವನಿಮುದ್ರಣ: ಇಂಥ ದಿನ, ಇಂಥ ಗಾಯಕರು, ಇಂಥ ವಾದ್ಯಗಳೊಂದಿಗೆ ಸ್ಟುಡಿಯೋದಲ್ಲಿ ಹಿಡಿದಿಟ್ಟದ್ದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಹೀಗೇ ಬೇರ್ಪಡಿಸುತ್ತದೆ. ಅದರ ಪ್ರಕಾರ ಸಂಗೀತ ಕೃತಿ ಎಂದರೆ ಸಂಗೀತ ಮಾತ್ರ, ಅದರೊಂದಿಗೆ ಹಾಡುವ ಮಾತು ಅದರಲ್ಲಿ ಸೇರುವುದಿಲ್ಲ. ಮಾತಿಗೆ ಸಾಹಿತ್ಯ ಕೃತಿಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಇನ್ನೂ ಬೇರೆ.

ಎರಡು ಹಾಡುಗಳು ಒಂದೇನಾ ಎಂಬ ಪ್ರಶ್ನೆಯನ್ನು ಮೂರು ಸಲ ಕೇಳಬೇಕು. ಮಾತು ಒಂದೇನಾ? ಧಾಟಿ ಒಂದೇನಾ? ಮುದ್ರಣ ಒಂದೇನಾ? ಉತ್ತರಗಳು ಎಷ್ಟೋ ಸಲ ಮೂರು ತೆರನಾಗಿರುತ್ತವೆ.

ಮಾತು ಒಂದೇ, ಧಾಟಿ ಎರಡು

ಮಾತು ಒಂದೇ ಇದ್ದು ಧಾಟಿ ಬೇರೆಯಾಗುವುದು ನಮಗೆ ಹೊಸದಲ್ಲ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲೂ ಸಿ. ಅಶ್ವಥ್ ಅವರ ಧಾಟಿಯಲ್ಲೂ ಹಾಡುತ್ತಿದ್ದರು. ಒಂದು ಶಾಲೆಯಲ್ಲಿ ಕಲಿತ ಮಗು ಇನ್ನೊಂದು ಶಾಲೆಗೆ ಹೋದರೆ ಗೊತ್ತಿರುವ ಪದ್ಯವನ್ನೇ ಮತ್ತೆ ಕಲಿಯಬೇಕಾಗುತ್ತಿತ್ತು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು ಗೊತ್ತುಮಾಡಿತು. ಪದ್ಯದಲ್ಲಿ ಯಾವ ಗೊಂದಲವೂ ಇರಲಿಲ್ಲ, ತೀರ್ಮಾನ ಬೇಕಾಗಿದ್ದದ್ದು ಧಾಟಿಗೆ.

ಸಿನಿಮಾದಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುವುಮುರುವು: ಧಾಟಿ ಒಂದೇ, ಮಾತು ಹಲವು. ಅಲ್ಲಿ ಕಣ್ಣು ನೆರವಿಗೆ ಬರುವುದಿಲ್ಲ, ಕಿವಿಯೇ ದುಡಿಯಬೇಕು.

ಕಿವಿಗೊಂದು ಅಳತೆಗೋಲು

ಧಾಟಿ ಒಂದೇ ಎಂದು ಹೇಳುವುದು ಹೇಗೆ? ಸಂಗೀತ ಕಲಿಯದವರಿಗೂ ಆಗುವ ಒಂದು ದಾರಿ ಇದೆ. ಡೆನಿಸ್ ಪಾರ್ಸನ್ಸ್ ಎಂಬ ಇಂಗ್ಲಿಷರು 1975ರಲ್ಲಿ ಧಾಟಿಗಳ ಒಂದು ದೊಡ್ಡ ಕೋಶ ಹೊರತಂದರು. ಸ್ವರಲಿಪಿ ಬಾರದವರೂ ಅದರಲ್ಲಿ ಧಾಟಿ ಹುಡುಕಬಹುದಿತ್ತು. ಅವರ ಉಪಾಯ ಸರಳ. ಮೊದಲ ಸ್ವರವಾದ ಮೇಲೆ ಪ್ರತಿ ಸ್ವರವೂ ಹಿಂದಿನದಕ್ಕಿಂತ ಏರಿತೇ, ಇಳಿಯಿತೇ, ಅಲ್ಲೇ ನಿಂತಿತೇ ಎಂದು ಮಾತ್ರ ಗುರುತು ಹಾಕುವುದು. ಎಷ್ಟು ಏರಿತು ಎಂಬುದು ಬೇಡ, ಯಾವ ಶ್ರುತಿ ಎಂಬುದೂ ಬೇಡ. ಗಂಡಸರ ಶ್ರುತಿಯಲ್ಲಿ ಹಾಡಿದರೂ ಹೆಂಗಸರ ಶ್ರುತಿಯಲ್ಲಿ ಹಾಡಿದರೂ ಗುರುತು ಬದಲಾಗುವುದಿಲ್ಲ.

ಎಲ್ಲರ ಮನೆಯಲ್ಲೂ ಕೇಳುವ ಎರಡು ಹಾಡುಗಳ ಮೇಲೆ ಇದನ್ನು ಪರೀಕ್ಷಿಸಿ. ಮಕ್ಕಳು ಹಾಡುವ ‘ಟ್ವಿಂಕಲ್ ಟ್ವಿಂಕಲ್’ ಮತ್ತು ಎಬಿಸಿಡಿ ಹಾಡು. ಎರಡಕ್ಕೂ ಧಾಟಿ ಒಂದೇ, ಅದು ಫ್ರೆಂಚರ ಹಳೆಯ ಧಾಟಿ. ‘ಟ್ವಿಂಕಲ್’ನ ಮೊದಲ ಎರಡು ಸಾಲನ್ನು ನಮ್ಮ ಸ್ವರಗಳಲ್ಲಿ ಬರೆದರೆ ಹೀಗೆ:

ಸ ಸ ಪ ಪ ದ ದ ಪ – ಮ ಮ ಗ ಗ ರಿ ರಿ ಸ

ಎಬಿಸಿಡಿಯಲ್ಲಿ ಜಿ ಅಕ್ಷರದವರೆಗೆ ಇದೇ ಏಳು ಸ್ವರಗಳು. ಮುಂದೆ ಎಚ್‌ನಿಂದ ಪಿವರೆಗೆ:

ಮ ಮ ಗ ಗ ರಿ ರಿ ರಿ ರಿ ಸ

ಎಲ್, ಎಂ, ಎನ್, ಓ ಎಂದು ಮಕ್ಕಳು ಗಡಿಬಿಡಿಯಲ್ಲಿ ಹೇಳುವ ಜಾಗ ಇದು. ಏಳು ಅಕ್ಷರಗಳ ಜಾಗದಲ್ಲಿ ಒಂಬತ್ತು ಅಕ್ಷರ ತುರುಕಬೇಕಾಗಿ, ರಿಷಭ ಎರಡರ ಬದಲು ನಾಲ್ಕು ಸಲ ಬಂದಿದೆ. ಸ್ವರಗಳ ಎಣಿಕೆ ಬದಲಾಗಿದೆ, ಧಾಟಿ ಬದಲಾಗಿಲ್ಲ.

ಸಿನಿಮಾ ಹಾಡು ಭಾಷೆಯಿಂದ ಭಾಷೆಗೆ ಹೋದಾಗ ಆಗುವುದೂ ಇದೇ. ಹೊಸ ಭಾಷೆಯ ಮಾತಿನಲ್ಲಿ ಒಂದೆರಡು ಅಕ್ಷರ ಹೆಚ್ಚಿದ್ದರೆ ಅದೇ ಸ್ವರವನ್ನು ಮತ್ತೆ ಮೀಟುತ್ತಾರೆ, ಕಡಿಮೆಯಿದ್ದರೆ ಒಂದು ಅಕ್ಷರವನ್ನು ಎರಡು ಸ್ವರಗಳ ಮೇಲೆ ಎಳೆಯುತ್ತಾರೆ. ಹಾಗಾಗಿ ಹೋಲಿಸುವಾಗ ಅಲ್ಲೇ ನಿಂತ ಸ್ವರಗಳ ವ್ಯತ್ಯಾಸವನ್ನು ಮನ್ನಿಸಬೇಕು, ಏರಿಳಿತದ ವ್ಯತ್ಯಾಸವನ್ನು ಮನ್ನಿಸಬಾರದು.

ನಾನು ಮಾಡುವುದು ಇಷ್ಟು. ಹಾಡಿನ ಮಾತು ಬಿಟ್ಟು ಬರೀ ‘ಲಾ’ ಎಂದು ಪಲ್ಲವಿ ಗುನುಗುತ್ತೇನೆ. ತಾಳಕ್ಕೆ ತೊಡೆ ತಟ್ಟಿಕೊಳ್ಳುತ್ತೇನೆ. ಕಾಗದದ ಮೇಲೆ ಏರು, ಇಳಿ, ಸಮ ಎಂದು ಗುರುತು ಹಾಕುತ್ತೇನೆ. ಇನ್ನೊಂದು ಹಾಡಿಗೂ ಹಾಗೇ. ಕೊನೆಗೆ ಒಂದು ಹಾಡಿನ ಮಾತನ್ನು ಇನ್ನೊಂದರ ವಾದ್ಯದ ಮೇಲೆ ಹಾಡಿ ನೋಡುತ್ತೇನೆ. ಒಂದು ಸಾಲು ಹೊಂದಿದರೆ ಸಾಲದು. ಪಲ್ಲವಿ ಪೂರ್ತಿ ಹೊಂದಬೇಕು, ಆಮೇಲೆ ಚರಣವೂ ಹೊಂದುತ್ತದೆಯೇ ನೋಡಬೇಕು. ಪಲ್ಲವಿ ಮಾತ್ರ ತೆಗೆದುಕೊಂಡು ಚರಣವನ್ನು ಹೊಸದಾಗಿ ಕಟ್ಟಿದ ಹಾಡುಗಳೂ ಇರುತ್ತವೆ. ಅಂಥವನ್ನು ‘ಪಲ್ಲವಿ ಮಾತ್ರ’ ಎಂದೇ ಬರೆದಿಡುವುದು ಸರಿ.

‘ಜೊತೆಯಲಿ’ಯ ಮೂರು ಜನ್ಮ

ಈಗ ಛತ್ರದ ಜಗಳಕ್ಕೆ ಬರೋಣ. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ತೆರೆಗೆ ಬಂದದ್ದು 1981ರಲ್ಲಿ. ಸಂಗೀತ ಇಳಯರಾಜ, ಸಾಹಿತ್ಯ ಚಿ. ಉದಯಶಂಕರ್. ‘ಜೊತೆಯಲಿ’ಯನ್ನು ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ.

1984ರಲ್ಲಿ ಮಣಿವಣ್ಣನ್ ನಿರ್ದೇಶನದ ತಮಿಳು ಚಿತ್ರ ‘ನೂರಾವದು ನಾಳ್’ ಬಂತು. ಅದರ ‘ವಿಳಿಯಿಲೇ ಮಣಿ ವಿಳಿಯಿಲ್’ ಹಾಡಿನ ಧಾಟಿ ಇದೇ. ಸಂಗೀತ ನಿರ್ದೇಶಕರೂ ಅವರೇ, ಗಾಯಕರೂ ಅದೇ ಎಸ್‌ಪಿಬಿ, ಜಾನಕಿ. ಇಲ್ಲೇ ಬಹಳ ಜನ ಎಡವುವುದು. ಅದೇ ದನಿಗಳು ಕೇಳಿದ ಕೂಡಲೇ ಇದು ಡಬ್ಬಿಂಗ್ ಹಾಡು, ಕನ್ನಡದ ಚಿತ್ರ ತಮಿಳಿಗೆ ಹೋಗಿದೆ ಎಂದುಕೊಳ್ಳುತ್ತಾರೆ. ಆದರೆ ‘ಗೀತಾ’ದ ಕಥೆಗೂ ಕೊಲೆಯ ರಹಸ್ಯದ ಸುತ್ತ ಸುತ್ತುವ ಆ ತಮಿಳು ಚಿತ್ರಕ್ಕೂ ನಂಟಿಲ್ಲ. ಹೋದದ್ದು ಚಿತ್ರವಲ್ಲ, ಧಾಟಿ ಮಾತ್ರ.

2007ರಲ್ಲಿ ಆರ್. ಬಾಲ್ಕಿ ನಿರ್ದೇಶನದ ಹಿಂದಿ ಚಿತ್ರ ‘ಚೀನಿ ಕಮ್’ನಲ್ಲಿ ಇದೇ ಧಾಟಿ ‘ಜಾನೆ ದೋ ನಾ’ ಆಯಿತು. ಸಾಹಿತ್ಯ ಸಮೀರ್, ಹಾಡಿದವರು ಶ್ರೇಯಾ ಘೋಷಾಲ್, ಸಂಗೀತ ಮತ್ತೆ ಇಳಯರಾಜ. ಇಲ್ಲಿ ನಡೆ ತೀರ ನಿಧಾನ. ಕುಣಿಯುತ್ತಿದ್ದ ಯುಗಳಗೀತೆ ಪಿಸುಮಾತಾಗಿದೆ. ಪಲ್ಲವಿಯ ಸ್ವರಗಳು ಉಳಿದುಕೊಂಡಿವೆ, ಸುತ್ತಲಿನ ವಾದ್ಯದ ಹೆಣಿಗೆ ಪೂರ್ತಿ ಬೇರೆ. ದೊಡ್ಡಪ್ಪ ಗುರುತು ಹಿಡಿಯಲಾರದೆ ಹೋದದ್ದು ಇದಕ್ಕೇ. ನಮ್ಮ ಕಿವಿ ಹಾಡನ್ನು ನೆನಪಿಡುವುದು ಸ್ವರಗಳಿಂದ ಮಾತ್ರವಲ್ಲ, ಓಟದಿಂದ, ತಾಳವಾದ್ಯದ ಪೆಟ್ಟಿನಿಂದ, ಮೊದಲಿಗೆ ಬರುವ ವಾದ್ಯದ ದನಿಯಿಂದಲೂ ಹೌದು. ಅವೆಲ್ಲ ಬದಲಾದರೆ ನೆರೆಮನೆಯವರು ವೇಷ ಕಟ್ಟಿಕೊಂಡು ಬಂದ ಹಾಗಾಗುತ್ತದೆ. ಗುರುತು ಹಾಕಿದ ಕಾಗದಕ್ಕೆ ಮಾತ್ರ ವೇಷ ಕಾಣುವುದಿಲ್ಲ.

ಮೂರು ಪ್ರಶ್ನೆಗಳ ಉತ್ತರ ಈಗ ಸ್ಪಷ್ಟ. ಮಾತು ಮೂರು, ಧಾಟಿ ಒಂದು, ಮುದ್ರಣ ಮೂರು. ‘ಗೀತಾ’ದಿಂದ ಹೊರಟ ಧಾಟಿ ಇದೊಂದೇ ಅಲ್ಲ. ಅದೇ ಚಿತ್ರದ ‘ಕೇಳದೆ ನಿಮಗೀಗ’ ಹಾಡಿನ ಧಾಟಿ 1983ರ ತಮಿಳು ಚಿತ್ರ ‘ಆಯಿರಂ ನಿಲವೇ ವಾ’ದಲ್ಲಿ ‘ದೇವತೈ ಇಳಂ ದೇವಿ’ ಆಗಿದೆ. ಒಂದು ಚಿತ್ರದ ಧಾಟಿಗಳೆಲ್ಲ ಒಟ್ಟಾಗಿ ಒಂದೇ ಚಿತ್ರಕ್ಕೆ ಹೋಗದೆ ಒಂದೊಂದೂ ಒಂದೊಂದು ಕಡೆ ಹೋಗಿದ್ದರೆ, ಅದು ಡಬ್ಬಿಂಗ್ ಅಲ್ಲ, ಸಂಗೀತ ನಿರ್ದೇಶಕರು ತಮ್ಮ ಧಾಟಿಯನ್ನು ತಾವೇ ಮತ್ತೆ ಬಳಸಿದ್ದು ಎಂಬುದಕ್ಕೆ ಒಳ್ಳೆಯ ಸುಳಿವು.

ನಿಜವಾದ ಡಬ್ಬಿಂಗ್ ಹಾಡಿನ ಲಕ್ಷಣ ಬೇರೆ. ಮಣಿರತ್ನಂ ಅವರ ‘ರೋಜಾ’ (1992) ಹಿಂದಿಗೆ ಹೋದಾಗ ‘ಚಿನ್ನ ಚಿನ್ನ ಆಸೈ’, ‘ದಿಲ್ ಹೈ ಛೋಟಾ ಸಾ’ ಆಯಿತು. ಎರಡರ ನಡುವಿನ ವಾದ್ಯಭಾಗಗಳನ್ನು ಕೇಳಿ. ಕೊಳಲು, ತಾಳ ಎಲ್ಲ ಅದೇ ಹೊತ್ತಿಗೆ, ಅದೇ ಅಳತೆಗೆ ಬರುತ್ತವೆ. ಡಬ್ಬಿಂಗ್‌ನಲ್ಲಿ ವಾದ್ಯದ ಟ್ರ್ಯಾಕ್ ಉಳಿಯುತ್ತದೆ, ದನಿಯ ಪದರ ಮಾತ್ರ ಹೊಸದು. ಚಿತ್ರದ ದೃಶ್ಯ ಅದೇ ಇರುವುದರಿಂದ ಹಾಡಿನ ಉದ್ದ ಬದಲಿಸುವಂತಿಲ್ಲ. ಹೀಗಾಗಿ ಎರಡು ಹಾಡುಗಳ ನಂಟು ಗೊತ್ತುಮಾಡಲು ದನಿಗಿಂತ ಪಲ್ಲವಿ ಚರಣಗಳ ನಡುವಿನ ವಾದ್ಯಭಾಗ ಹೆಚ್ಚು ನಂಬಿಕೆಯ ಸಾಕ್ಷಿ.

ಚಿತ್ರದ ಹೆಸರು ಮೋಸ ಮಾಡಿದಾಗ

ಕೆಲವೊಮ್ಮೆ ಹಾಡಿನ ಹೆಸರಿಗಿಂತ ಚಿತ್ರದ ಹೆಸರೇ ದಾರಿ ತಪ್ಪಿಸುತ್ತದೆ. ಶಂಕರ್‌ನಾಗ್ ಅವರ ‘ಆಟೋರಾಜ’ ಬಂದದ್ದು 1980ರಲ್ಲಿ, ಸಂಗೀತ ರಾಜನ್–ನಾಗೇಂದ್ರ. ‘ನಲಿವಾ ಗುಲಾಬಿ ಹೂವೆ’ ಅದರದ್ದೇ. ಆ ಚಿತ್ರ 1982ರಲ್ಲಿ ತಮಿಳಿನಲ್ಲಿ ಅದೇ ಹೆಸರಿನಲ್ಲಿ ಮತ್ತೆ ತಯಾರಾಯಿತು. ಕಥೆ ಹೋಯಿತು, ಹೆಸರು ಹೋಯಿತು, ಹಾಡುಗಳೂ ಹೋಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ತಮಿಳು ‘ಆಟೋರಾಜ’ದ ಸಂಗೀತ ಶಂಕರ್–ಗಣೇಶ್ ಅವರದು. ಅದರಲ್ಲಿ ಇಂದಿಗೂ ಜನ ಗುನುಗುವ ‘ಸಂಗತ್ತಿಲ್ ಪಾಡಾದ ಕವಿದೈ’ ಒಂದು ಮಾತ್ರ ಇಳಯರಾಜ ಅವರ ಸಂಯೋಜನೆ.

ಆ ಹಾಡಿನ ಧಾಟಿಯ ಬಂಧುಗಳನ್ನು ಹುಡುಕಬೇಕಾದರೆ ಕನ್ನಡದ ‘ಆಟೋರಾಜ’ದಲ್ಲಲ್ಲ, ಬಾಲು ಮಹೇಂದ್ರ ಅವರ ಮಲಯಾಳಂ ಚಿತ್ರ ‘ಓಳಂಗಳ್’ನಲ್ಲಿ. ಅಲ್ಲಿ ಎಸ್. ಜಾನಕಿ ಹಾಡಿದ ‘ತುಂಬಿ ವಾ’ ಇದೇ ಧಾಟಿ. ತೆಲುಗಿನ ‘ನಿರೀಕ್ಷಣ’ದಲ್ಲಿ ‘ಆಕಾಶಂ ಏನಾಟಿದೋ’, 2009ರ ಹಿಂದಿ ‘ಪಾ’ದಲ್ಲಿ ‘ಗುಮ್ ಸುಮ್ ಗುಮ್’ ಕೂಡ ಇದೇ. ಹೆಸರು ಒಂದೇ ಇರುವ ಎರಡು ಚಿತ್ರಗಳ ನಡುವೆ ಧಾಟಿಯ ನಂಟಿಲ್ಲ. ಹೆಸರು, ಕಥೆ, ಭಾಷೆ ಯಾವುದೂ ಹೊಂದದ ನಾಲ್ಕು ಚಿತ್ರಗಳ ನಡುವೆ ನಂಟಿದೆ.

ಯಾವುದು ಮೊದಲು ಎಂಬ ಪ್ರಶ್ನೆ ಇಲ್ಲಿ ಬಿಗಿಯಾಗುತ್ತದೆ. ತಮಿಳು ‘ಆಟೋರಾಜ’, ಮಲಯಾಳಂ ‘ಓಳಂಗಳ್’ ಎರಡೂ 1982ರವು. ಇಸವಿ ನೋಡಿ ಹಿರಿಯದು ಕಿರಿಯದು ಎನ್ನುವಂತಿಲ್ಲ. ಚಿತ್ರ ಬಿಡುಗಡೆಯಾದ ದಿನವೂ ಸಾಲದು. ಹಾಡಿನ ಮುದ್ರಣ ಚಿತ್ರೀಕರಣಕ್ಕೂ ಮುಂಚೆ ಮುಗಿದಿರುತ್ತದೆ, ಚಿತ್ರ ತಡವಾಗಿ ತೆರೆಗೆ ಬಂದಿರಬಹುದು. ಇಂಥ ಕಡೆ ‘ಇದು ಅದರ ನಕಲು’ ಎಂದು ಬರೆಯುವ ಬದಲು ‘ಎರಡೂ ಒಂದೇ ಧಾಟಿ, ಒಂದೇ ವರ್ಷ’ ಎಂದು ನಿಲ್ಲಿಸುವುದೇ ಪ್ರಾಮಾಣಿಕ.

ಇಸವಿಯ ಇನ್ನೊಂದು ತೊಡಕು ಫೋನಿನಲ್ಲಿದೆ. ಹಾಡಿನ ಆ್ಯಪ್‌ಗಳಲ್ಲಿ ಹೆಸರಿನ ಕೆಳಗೆ ಕಾಣುವ ಇಸವಿ ಎಷ್ಟೋ ಸಲ ಆ ಹಾಡನ್ನು ಡಿಜಿಟಲ್‌ಗೆ ಏರಿಸಿದ ವರ್ಷವಾಗಿರುತ್ತದೆ, ಇಲ್ಲವೇ ‘ಎಸ್‌ಪಿಬಿ ಹಿಟ್ಸ್’ ಥರದ ಸಂಕಲನ ಹೊರಬಂದ ವರ್ಷ. 1981ರ ಹಾಡಿನ ಕೆಳಗೆ ಈ ಶತಮಾನದ ಇಸವಿ ಕಂಡರೆ ಹಾಡು ಹೊಸದೆಂದು ತಿಳಿಯಬಾರದು. ಹಳೆಯ ಗ್ರಾಮಫೋನ್ ತಟ್ಟೆಯ ನಡುವಿನ ಚೀಟಿ, ಕ್ಯಾಸೆಟ್ಟಿನ ಒಳಹಾಳೆ, ಚಿತ್ರದ ಆರಂಭದಲ್ಲಿ ಬರುವ ಹೆಸರುಗಳು ಇವೇ ಗಟ್ಟಿ ಆಧಾರ.

ಹೋಲಿಕೆ ಎಲ್ಲ ನಂಟಲ್ಲ

ಕಿವಿ ತಪ್ಪು ದಾರಿಗೆ ಎಳೆಯುವುದೂ ಉಂಟು. ‘ಮೇರಾ ನಾಮ್ ಜೋಕರ್’ (1970) ಚಿತ್ರದ ‘ಜಾನೆ ಕಹಾಂ ಗಯೇ ವೋ ದಿನ್’ ಮತ್ತು ‘ಮೆಹಬೂಬಾ’ (1976) ಚಿತ್ರದ ‘ಮೇರೆ ನೈನಾ ಸಾವನ್ ಭಾದೋಂ’ ಕೇಳಿದವರಿಗೆ ಎರಡೂ ಒಂದೇ ನೋವಿನ ದನಿ ಅನ್ನಿಸುತ್ತದೆ. ಮೊದಲನೆಯದು ಶಂಕರ್–ಜೈಕಿಶನ್ ಅವರದು, ಎರಡನೆಯದು ಆರ್.ಡಿ. ಬರ್ಮನ್ ಅವರದು. ಎರಡೂ ಶಿವರಂಜನಿ ರಾಗ. ಐದೇ ಸ್ವರಗಳ ರಾಗ ಅದು. ಇಬ್ಬರು ಅದೇ ಐದು ಸ್ವರಗಳಲ್ಲಿ ದುಃಖದ ಹಾಡು ಕಟ್ಟಿದರೆ ಛಾಯೆ ಹೋಲಲೇಬೇಕು. ಅದು ರಾಗದ ಛಾಯೆ, ಧಾಟಿಯಲ್ಲ. ಒಂದರ ಮಾತನ್ನು ಇನ್ನೊಂದರ ಮೇಲೆ ಹಾಡಲು ಹೋಗಿ, ಮೊದಲ ಸಾಲಿನಲ್ಲೇ ಮುಗ್ಗರಿಸುತ್ತೀರಿ.

ಯಾವ ಹೋಲಿಕೆ ರಾಗದಿಂದ ಬಂದದ್ದು, ಯಾವುದು ಧಾಟಿಯಿಂದ ಬಂದದ್ದು ಎಂದು ಬೇರ್ಪಡಿಸದೆ ನಕಲು ಎಂಬ ಪದ ಬಳಸಬಾರದು. ರಾಗ ಯಾರೊಬ್ಬರ ಸೊತ್ತೂ ಅಲ್ಲ. ಧಾಟಿಗೆ ಒಡೆಯರಿದ್ದಾರೆ.

ಫೋನಿನ ನೆರವು ಪಡೆಯುವವರಿಗೂ ಈ ಭೇದ ತಿಳಿದಿರಬೇಕು. ಶಜಾಮ್‌ನಂಥ ಆ್ಯಪ್ ಗುರುತಿಸುವುದು ಮುದ್ರಣವನ್ನು. ಆ ಒಂದು ಧ್ವನಿಮುದ್ರಣದ ಬೆರಳಚ್ಚು ಅದರ ಬಳಿ ಇರುತ್ತದೆ. ಹಾಗಾಗಿ ರೇಡಿಯೋದಲ್ಲಿ ಬರುವ ಹಾಡಿನ ಹೆಸರು ಹೇಳುತ್ತದೆ, ಅದೇ ಹಾಡನ್ನು ಛತ್ರದಲ್ಲಿ ಬೇರೆಯವರು ಹಾಡಿದರೆ ತಬ್ಬಿಬ್ಬಾಗುತ್ತದೆ. ಗೂಗಲ್ 2020ರಲ್ಲಿ ತಂದ ಗುನುಗಿ ಹುಡುಕುವ ಸೌಲಭ್ಯ ಗುರುತಿಸುವುದು ಧಾಟಿಯನ್ನು. ‘ಜೊತೆಯಲಿ’ಯನ್ನು ಅದಕ್ಕೆ ಗುನುಗಿದರೆ ತಮಿಳೋ ಹಿಂದಿಯೋ ಬಂದರೆ ಅದು ತಪ್ಪಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ. ಬಂದ ಹೆಸರುಗಳನ್ನು ನಂಟರ ಪಟ್ಟಿ ಎಂದುಕೊಂಡು ಒಂದೊಂದನ್ನೂ ಕೇಳಿ ನೋಡಬೇಕು.

ದೊಡ್ಡಪ್ಪನ ಪೆನ್‌ಡ್ರೈವ್

ಮದುವೆಯಾದ ವಾರಕ್ಕೆ ದೊಡ್ಡಪ್ಪ ಕಾರಿನಲ್ಲಿ ಹಾಕುವ ಪೆನ್‌ಡ್ರೈವ್ ತಂದುಕೊಟ್ಟು, “ಇದರಲ್ಲಿ ‘ಜೊತೆಯಲಿ’ ನಾಲ್ಕು ಸಲ ಇದೆ, ನನಗೆ ಬೇಕಾದ್ದು ಒಂದು. ಉಳಿದದ್ದು ಅಳಿಸಿಬಿಡು” ಎಂದರು. ತೆರೆದು ನೋಡಿದರೆ Jotheyali, Joteyali, Jothe Jotheyali, Jotheyalli. ಕನ್ನಡದ ಒಂದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದದ್ದು.

ಒಂದೊಂದಾಗಿ ಕೇಳಿದೆ. ಮೊದಲ ಎರಡು ಕಡತಗಳು ಒಂದೇ ಮುದ್ರಣ: ಅದೇ ದನಿ, ಅದೇ ವಾದ್ಯ, ಅದೇ ಉದ್ದ. ಒಂದನ್ನು ಅಳಿಸಿದೆ. ಮೂರನೆಯದು ‘ಗೀತಾ’ದ ಹಾಡೇ ಅಲ್ಲ, ‘ಜೊತೆ ಜೊತೆಯಲಿ’ ಎಂಬ ಹೆಸರಿನದೇ ಚಿತ್ರದ್ದು. ದಿನಕರ್ ತೂಗುದೀಪ ನಿರ್ದೇಶನದ ಈ ಚಿತ್ರ ಬಂದದ್ದು 2006ರಲ್ಲಿ, ಸಂಗೀತ ವಿ. ಹರಿಕೃಷ್ಣ. ಮುಂದೆ 2019ರಲ್ಲಿ ಇದೇ ಹೆಸರಿನ ಧಾರಾವಾಹಿಯೂ ಶುರುವಾದ್ದರಿಂದ ಈ ಎರಡು ಪದಗಳನ್ನು ಟೈಪ್ ಮಾಡಿದವರಿಗೆ ಮೊದಲು ಸಿಗುವುದು ಹೊಸತೇ. ನಾಲ್ಕನೆಯದರಲ್ಲಿ ಮಾತು ಉದಯಶಂಕರ್ ಅವರದೇ, ಧಾಟಿಯೂ ಅದೇ, ಆದರೆ ಹಾಡಿದವರು ಬೇರೆ, ನಡುವಿನ ವಾದ್ಯಭಾಗವನ್ನು ಕೀಬೋರ್ಡಿನಲ್ಲಿ ತುಂಬಿಸಿದ್ದರು. ಮಾತು, ಧಾಟಿ ಎರಡೂ ಹೊಂದಿ ಮುದ್ರಣ ಮಾತ್ರ ಬೇರೆಯಾದ ಹಾಡು ಅದು. ಹೆಸರು, ಧಾಟಿ ಎರಡನ್ನೇ ನೋಡಿದ್ದರೆ ಅದನ್ನೇ ಅಸಲಿ ಎಂದು ಉಳಿಸಿಕೊಂಡುಬಿಡುತ್ತಿದ್ದೆ.

ಮೂಲದ ಕಡತಕ್ಕೆ ಹೊಸ ಹೆಸರಿಟ್ಟೆ:

```
Geetha_1981_Jotheyali_SPB-SJanaki
```

ಚಿತ್ರ, ಇಸವಿ, ಮಾತು, ದನಿ. ಇವು ನಾಲ್ಕು ಇದ್ದರೆ ಇನ್ನೊಂದರ ಜೊತೆ ಬೆರೆಯುವ ಭಯವಿಲ್ಲ. ದೊಡ್ಡಪ್ಪ ಅಳಿಸು ಅಂದಿದ್ದರೂ, ಅದರ ಪಕ್ಕದಲ್ಲೇ ‘ನೂರಾವದು ನಾಳ್’ ಹಾಡನ್ನೂ ‘ಚೀನಿ ಕಮ್’ ಹಾಡನ್ನೂ ಅದೇ ಕ್ರಮದ ಹೆಸರಿನಲ್ಲಿ ಸೇರಿಸಿ ಕೊಟ್ಟೆ.

ಮರುದಿನ ಬೆಳಗ್ಗೆ ಫೋನ್ ಬಂತು. ಕಾರಿನಲ್ಲಿ ಮೂರನ್ನೂ ಒಂದರ ಹಿಂದೊಂದು ಕೇಳಿದ್ದರಂತೆ. “ಆ ಹುಡುಗ ನುಡಿಸಿದ್ದು ಸರಿಯಾಗೇ ಇತ್ತು ಕಣೋ” ಎಂದರು. “ಸ್ವಲ್ಪ ಜೋರಾಗಿ ನುಡಿಸಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತಿತ್ತು.”